ಪೂರ್ವಸಿದ್ಧತಾ ಪರೀಕ್ಷೆಯ ನಂತರ ಪೋಷಕರೊಂದಿಗೆ ಸಮಾಲೋಚನೆ

ಎಸ್.ಎಸ್.ಎಲ್.ಸಿ. ಪೂರ್ವಸಿದ್ಧತಾ ಪರೀಕ್ಷೆಯ ಅಂಕಗಳು ತಿಳಿದ ದಿನವೇ ಹಲವು ಮನೆಗಳಲ್ಲಿ ಗದರಿಕೆ, ಹೋಲಿಕೆ ಆರಂಭವಾಗುತ್ತವೆ. ಆದ್ದರಿಂದ ಆಪ್ತಸಮಾಲೋಚಕರು ಪೋಷಕರ ಮುಂದೆ ಅಂಕಪಟ್ಟಿಗಿಂತ ಮೊದಲು ಉತ್ತರ ಪತ್ರಿಕೆಯನ್ನು ಇಡತಕ್ಕದ್ದು.

ಉದಾಹರಣೆಗೆ, ಗಣಿತದ 80 ಅಂಕಗಳಲ್ಲಿ ವಿದ್ಯಾರ್ಥಿನಿಯೊಬ್ಬಳಿಗೆ 22 ಬಂದಿವೆ ಎಂದಿಟ್ಟುಕೊಳ್ಳಬಹುದು. ಕಳೆದುಕೊಂಡ 58ರಲ್ಲಿ 30 ಅಂಕ ಉತ್ತರಿಸದೆ ಬಿಟ್ಟ ಪ್ರಶ್ನೆಗಳವು, 16 ಹಂತ ತಪ್ಪಿದ ಲೆಕ್ಕಗಳವು, 12 ಮಾತ್ರ ಕಲಿಯದ ಪಾಠಗಳವು. ಬಿಟ್ಟ ಲೆಕ್ಕಗಳನ್ನು ಮರುದಿನ ಸಮಯದ ಮಿತಿಯಿಲ್ಲದೆ ಕೊಟ್ಟಾಗ ಆಕೆ ಬಿಡಿಸಿದರೆ, ಕೊರತೆ ಓದಿನದಲ್ಲ; ಆತಂಕದ್ದು ಹಾಗೂ ಸಮಯ ಹಂಚಿಕೆಯದು. ಅಂಥವಳಿಗೆ "ಇನ್ನೂ ಓದು" ಎಂಬ ಒತ್ತಾಯ ನಿದ್ದೆಗೆಡಿಸಿ ಆತಂಕವನ್ನೇ ಹೆಚ್ಚಿಸುತ್ತದೆ. ಪೋಷಕರು ಗಡಿಯಾರವಿಟ್ಟು ಹಳೆಯ ಪತ್ರಿಕೆ ಬರೆಸಿ, ತಿಳಿದ ಪ್ರಶ್ನೆಗಳಿಂದಲೇ ಆರಂಭಿಸುವ ರೂಢಿ ಮಾಡಿಸಬೇಕು. ಪರೀಕ್ಷೆ-1ರಲ್ಲಿ ಹಿಂದುಳಿದವರಿಗೆ ಅದೇ ವರ್ಷ ಪರೀಕ್ಷೆ-2 ಇರುವುದನ್ನೂ ಅವರಿಗೆ ತಿಳಿಸತಕ್ಕದ್ದು.

ಎರಡು ವಾರಗಳಿಂದ ನಿದ್ದೆಯಿಲ್ಲದಿದ್ದರೆ, ಊಟ ಬಿಟ್ಟಿದ್ದರೆ ವೈದ್ಯರಲ್ಲಿಗೆ ಕಳುಹಿಸಬೇಕು. "ನಾನಿರಬಾರದು" ಎಂಬ ಮಾತು ಬಂದರೆ ಸಾಯುವ ಯೋಚನೆಯಿದೆಯೇ ಎಂದು ಸಮಾಲೋಚಕರು ನೇರವಾಗಿ ಕೇಳಬೇಕು. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಮಗುವನ್ನು ಒಂಟಿಯಾಗಿ ಬಿಡದೆ, ಅದೇ ದಿನ ಪೋಷಕರನ್ನು ಕರೆಸಿ, ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡತಕ್ಕದ್ದು.