ಕಾರ್ಡ್ ಅಪ್ಪನದು, ಖಾತೆ ಮಗನದು

ಮಗನ ಫೋನಿನ ಆ್ಯಪ್‌ಗೆ ಅಪ್ಪನ ಕಾರ್ಡಿನಿಂದ ತಿಂಗಳಿಗೆ 299 ರೂಪಾಯಿ ಹೋಗುತ್ತಿದೆ ಎನ್ನಿ. ಅದನ್ನು ನಿಲ್ಲಿಸಬೇಕಾದವರು ಯಾರು? ಚಂದಾ ರದ್ದು ಮಾಡುವ ಗುಂಡಿ ಇರುವುದು ಮಗನ ಖಾತೆಯಲ್ಲಿ. ಪ್ಲೇ ಸ್ಟೋರ್ ಮೂಲಕ ತೆಗೆದುಕೊಂಡಿದ್ದರೆ, ಯಾವ ಜಿಮೇಲ್‌ನಿಂದ ಚಂದಾ ಆಗಿದೆಯೋ ಅದರಲ್ಲೇ Payments & subscriptions ತೆರೆದು ರದ್ದು ಮಾಡಬೇಕು. ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ.

ಅಪ್ಪನ ಕೈಯಲ್ಲೂ ಒಂದು ದಾರಿ ಇದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ, ಇ-ಮ್ಯಾಂಡೇಟ್ ಮೇಲೆ ಹಣ ಕಡಿತವಾಗುವ ಕನಿಷ್ಠ 24 ಗಂಟೆ ಮೊದಲು ಕಾರ್ಡುದಾರರಿಗೆ ಸೂಚನೆ ಬರಬೇಕು. ಆ ಸಂದೇಶ ಕಂಡ ಕೂಡಲೇ ಬ್ಯಾಂಕಿನ ಮೂಲಕ ಮ್ಯಾಂಡೇಟ್ ರದ್ದು ಮಾಡಿ. ಇದರಿಂದ ಮುಂದಿನ ಕಡಿತ ನಿಲ್ಲುತ್ತದೆ. ಹೋದ ಹಣ ತಾನಾಗಿ ವಾಪಸ್ ಬರುವುದಿಲ್ಲ.

ಮರುಪಾವತಿಯನ್ನು ಸಾಮಾನ್ಯವಾಗಿ ಖಾತೆದಾರರಾದ ಮಗನೇ ಕೇಳಬೇಕು, ಹಣ ಮಾತ್ರ ಪಾವತಿಸಿದ ಅಪ್ಪನ ಕಾರ್ಡಿಗೇ ಮರಳುತ್ತದೆ.

ಕಂಪನಿ ಕಾರ್ಡಿಗೂ ಇದೇ ಲೆಕ್ಕ: ಖಾತೆ ನೌಕರರದ್ದಾದರೂ ಮರುಪಾವತಿಯ ಹಣ ಕಂಪನಿಗೇ ಹೋಗುತ್ತದೆ. ಹಾಗಾಗಿ ನೌಕರರು ಕೆಲಸ ಬಿಡುವಾಗ, ಅವರ ಕಚೇರಿ ಇಮೇಲ್ ಮುಚ್ಚುವ ಮೊದಲೇ ಚಂದಾಗಳ ಅಡ್ಮಿನ್ ಹಕ್ಕನ್ನು ಇನ್ನೊಬ್ಬರಿಗೆ ವರ್ಗಾಯಿಸಿ.