ಕ್ವಿನೋವಾ ಧಾನ್ಯವೋ ಬೀಜವೋ? ಪೂರ್ಣ ಪ್ರೋಟೀನಿನ ಮಾತು ಎಷ್ಟು ನಿಜ?

ಕ್ವಿನೋವಾ ಬೆಳೆಯಬೇಕೆಂದು ವಿಚಾರಿಸುವ ರೈತರ ಕಿವಿಗೆ ಎರಡು ಮಾತು ತಪ್ಪದೆ ಬೀಳುತ್ತವೆ. ಒಂದು, ಇದು ಧಾನ್ಯವಲ್ಲ, ಬೀಜ ಎನ್ನುವುದು. ಇನ್ನೊಂದು, ಇದರಲ್ಲಿ ಪೂರ್ಣ ಪ್ರೋಟೀನ್ ಇದೆ, ಹಾಗಾಗಿ ಒಳ್ಳೆಯ ಬೆಲೆ ಸಿಗುತ್ತದೆ ಎನ್ನುವುದು. ಮೊದಲನೆಯದನ್ನು ಸಸ್ಯಶಾಸ್ತ್ರದ ಚರ್ಚೆ ಎಂದು ಬದಿಗಿಟ್ಟು ಎರಡನೆಯದನ್ನು ಮಾತ್ರ ಹಿಡಿದುಕೊಳ್ಳುವವರೇ ಹೆಚ್ಚು. ಆದರೆ ಇವೆರಡೂ ಒಂದೇ ಕಾಳಿನ ಒಂದೇ ಗುಣದಿಂದ ಹುಟ್ಟಿದ ಮಾತುಗಳು. ಕಾಳಿನ ಒಳಗೆ ಏನು ಎಲ್ಲಿದೆ ಎಂಬುದು ಗೊತ್ತಾದರೆ ಪ್ರೋಟೀನ್ ಏಕೆ ಚೆನ್ನಾಗಿದೆ, ಅದನ್ನು ಹೇಗೆ ಕಳೆದುಕೊಳ್ಳುತ್ತೇವೆ ಎಂಬುದೂ ಗೊತ್ತಾಗುತ್ತದೆ.

ಭತ್ತ, ರಾಗಿ, ಜೋಳ, ಗೋಧಿ ಎಲ್ಲವೂ ಹುಲ್ಲಿನ ಕುಟುಂಬದವು. ಕ್ವಿನೋವಾ ಹಾಗಲ್ಲ. ಅದು ಅಗಲ ಎಲೆಯ ಗಿಡ. ದಂಟು, ಪಾಲಕ್, ಬೀಟ್‌ರೂಟ್‌ಗಳಿರುವ ಕುಟುಂಬಕ್ಕೆ ಸೇರಿದ್ದು. ನಮ್ಮ ಚಕ್ಕೋತ ಸೊಪ್ಪು ಅದರ ತೀರ ಹತ್ತಿರದ ಸಂಬಂಧಿ. ಬೊಲಿವಿಯಾ ಮತ್ತು ಪೆರುವಿನ ಎತ್ತರದ ಬಯಲುಗಳಲ್ಲಿ, ಟಿಟಿಕಾಕಾ ಸರೋವರದ ಸುತ್ತ, ಆಂಡಿಸ್ ಪರ್ವತದ ರೈತರು ಸಾವಿರಾರು ವರ್ಷಗಳಿಂದ ಇದನ್ನು ಬೆಳೆಯುತ್ತಿದ್ದಾರೆ. ಕಟ್ಟುನಿಟ್ಟಾಗಿ ಹೇಳುವುದಾದರೆ ತೆನೆಯಿಂದ ಉದುರುವ ಕಾಳು ಒಂದು ಪುಟ್ಟ ಒಣ ಹಣ್ಣು; ಅದರ ತೆಳು ಹೊರಸಿಪ್ಪೆ ಹೋದ ಮೇಲೆ ಉಳಿಯುವುದು ಬೀಜ. ಧಾನ್ಯದಂತೆ ಬೇಯಿಸಿ ಉಣ್ಣುವುದರಿಂದ ವಿಜ್ಞಾನಿಗಳು ಇದನ್ನು, ರಾಜಗಿರಿಯನ್ನೂ ಸೇರಿಸಿ, ಹುಸಿಧಾನ್ಯ ಎಂಬ ಗುಂಪಿಗೆ ಹಾಕಿದ್ದಾರೆ. ಅಂದರೆ ಬಳಕೆಯಲ್ಲಿ ಧಾನ್ಯ, ಹುಟ್ಟಿನಲ್ಲಿ ಅಲ್ಲ.

ಮಾರುಕಟ್ಟೆಯಲ್ಲಿ ಚೀಲದ ಲೆಕ್ಕದಲ್ಲಿ ಧಾನ್ಯದ ಜೊತೆಗೇ ಮಾರುವಾಗ ಈ ವ್ಯತ್ಯಾಸದಿಂದ ಏನಾಗಬೇಕು ಎಂದು ಕೇಳಬಹುದು. ಹೊಲದಲ್ಲಿ ಅದು ಮೊದಲ ತಿಂಗಳಲ್ಲೇ ಕಾಣಿಸಿಕೊಳ್ಳುತ್ತದೆ. ರಾಗಿಯಲ್ಲಿ ಅಗಲ ಎಲೆಯ ಕಳೆ ಕೊಲ್ಲಲು ಬಳಸುವ 2,4-ಡಿ ಕ್ವಿನೋವಾವನ್ನೂ ಕೊಲ್ಲುತ್ತದೆ, ಏಕೆಂದರೆ ಅದೂ ಅಗಲ ಎಲೆಯದೇ. ಮೆಕ್ಕೆಜೋಳಕ್ಕೆ ಹಾಕುವ ಅಟ್ರಜಿನ್ ಕೂಡ ಇದಕ್ಕೆ ಆಗಿಬರುವುದಿಲ್ಲ. ಮೇಲಾಗಿ ಕಾಡು ಚಕ್ಕೋತ, ಕಾಡು ದಂಟು ಮೊಳಕೆಯ ಹಂತದಲ್ಲಿ ಕ್ವಿನೋವಾದಂತೆಯೇ ಕಾಣುತ್ತವೆ. ಸಾಲಿನಲ್ಲಿ ಬಿತ್ತದೆ ಎರಚಿದವರಿಗೆ ಕಳೆ ಯಾವುದು, ಬೆಳೆ ಯಾವುದು ಎಂದು ಗುರುತಿಸುವುದೇ ಕಷ್ಟ. ಆದ್ದರಿಂದ ಸಾಲು ಬಿತ್ತನೆ, ಎಡೆಕುಂಟೆ, ಕೈಕಳೆ ಇವನ್ನೇ ನಂಬಬೇಕು.

ಈಗ ಕಾಳಿನ ಒಳಗೆ ನೋಡೋಣ. ಅಕ್ಕಿಯಲ್ಲಾಗಲಿ ಗೋಧಿಯಲ್ಲಾಗಲಿ ಮೊಳಕೆಯಾಗುವ ಭ್ರೂಣ ಒಂದು ಮೂಲೆಯಲ್ಲಿ ಕೂತ ಚಿಕ್ಕ ಭಾಗ. ಉಳಿದದ್ದೆಲ್ಲ ಬಹುಪಾಲು ಪಿಷ್ಟ. ಕ್ವಿನೋವಾದಲ್ಲಿ ಪಿಷ್ಟ ನಡುವೆ ಇರುತ್ತದೆ, ಭ್ರೂಣ ಅದರ ಸುತ್ತ ಬಳೆಯಂತೆ ಬಾಗಿ ಕೂತಿರುತ್ತದೆ, ಮತ್ತು ಕಾಳಿನ ತೂಕದಲ್ಲಿ ಸುಮಾರು ಮೂರನೇ ಒಂದರಷ್ಟು ಅದೇ ಆಗಿರುತ್ತದೆ. ಒಂದು ಚಮಚ ಕಾಳನ್ನು ಹದಿನೈದು ನಿಮಿಷ ಬೇಯಿಸಿ ನೋಡಿ: ಪ್ರತಿ ಕಾಳಿನಿಂದ ಬಿಚ್ಚಿಕೊಂಡು ಬರುವ ಬಿಳಿಯ ಸುರುಳಿ ಈ ಭ್ರೂಣವೇ. ಪ್ರೋಟೀನಿನ ಹೆಚ್ಚಿನ ಪಾಲು ಇರುವುದು ಅಲ್ಲಿ. ಗೋಧಿ, ಮೆಕ್ಕೆಜೋಳದ ಪಿಷ್ಟದ ಭಾಗದಲ್ಲಿ ಶೇಖರವಾಗುವ ಪ್ರೋಟೀನಿನಲ್ಲಿ ಲೈಸೀನ್ ಎಂಬ ಅಗತ್ಯ ಅಮೈನೋ ಆಮ್ಲ ಬಹಳ ಕಡಿಮೆ. ಭ್ರೂಣದ ಪ್ರೋಟೀನ್ ಬೇರೆ ಬಗೆಯದು, ಅದರಲ್ಲಿ ಲೈಸೀನ್ ಸಾಕಷ್ಟಿರುತ್ತದೆ. ಹುಲ್ಲಿನ ಕುಟುಂಬದ ಕಾಳಲ್ಲ ಎಂಬ ಮಾತಿಗೂ ಒಳ್ಳೆಯ ಪ್ರೋಟೀನ್ ಎಂಬ ಮಾತಿಗೂ ಇರುವ ನಂಟು ಇದು.

ನಮ್ಮ ದೇಹ ತಾನೇ ತಯಾರಿಸಿಕೊಳ್ಳಲಾಗದ ಒಂಬತ್ತು ಅಮೈನೋ ಆಮ್ಲಗಳೂ ಬೇಕಾದ ಪ್ರಮಾಣದಲ್ಲಿದ್ದರೆ ಅದನ್ನು ಪೂರ್ಣ ಪ್ರೋಟೀನ್ ಎನ್ನುತ್ತಾರೆ. ಮಕ್ಕಳಿಗೂ ದೊಡ್ಡವರಿಗೂ 100 ಗ್ರಾಂ ಪ್ರೋಟೀನಿನಲ್ಲಿ 4.8 ಗ್ರಾಂ ಲೈಸೀನ್ ಇರಬೇಕೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಳತೆ ಹೇಳುತ್ತದೆ. ಕ್ವಿನೋವಾದಲ್ಲಿ ಅದು ಸುಮಾರು 5.4 ಗ್ರಾಂ, ಅಕ್ಕಿಯಲ್ಲಿ 3.7ರ ಆಸುಪಾಸು, ಗೋಧಿ ಮತ್ತು ರಾಗಿಯಲ್ಲಿ ಇನ್ನೂ ಕಡಿಮೆ. ಹಾಗಾಗಿ ಮಾತು ನಿಜ. ಆದರೆ ಅದಕ್ಕೆ ಮಿತಿಯೂ ಇದೆ. ಮೂರು ವರ್ಷದೊಳಗಿನ ಮಕ್ಕಳಿಗೆ ಅಳತೆ ಇನ್ನೂ ಬಿಗಿ. ಅಲ್ಲಿ ಲ್ಯೂಸೀನ್ ಎಂಬ ಇನ್ನೊಂದು ಆಮ್ಲ ಕ್ವಿನೋವಾದಲ್ಲಿ ಸ್ವಲ್ಪ ಸಾಲದೆ ಬರುತ್ತದೆ. ಗುಣ ಚೆನ್ನಾಗಿದೆ ಎಂದರೆ ಪ್ರಮಾಣ ಹೆಚ್ಚಿದೆ ಎಂದೂ ಅಲ್ಲ. ಒಣ ಕಾಳು 100 ಗ್ರಾಂಗೆ ಪ್ರೋಟೀನ್ ಸುಮಾರು 14 ಗ್ರಾಂ. ಬೇಯಿಸಿ ನೀರು ಹೀರಿದ ಮೇಲೆ ಅದೇ 100 ಗ್ರಾಂ ಅನ್ನದಲ್ಲಿ ನಾಲ್ಕು ಗ್ರಾಂ ಚಿಲ್ಲರೆ.

ಹಾಗಾದರೆ ನಮ್ಮ ಊಟ ಅಪೂರ್ಣವೇ ಎಂದು ಯಾರಾದರೂ ಕೇಳಿದರೆ ಲೆಕ್ಕ ಹಾಕಿಯೇ ಉತ್ತರ ಹೇಳಬಹುದು. 75 ಗ್ರಾಂ ಅಕ್ಕಿಗೆ 25 ಗ್ರಾಂ ತೊಗರಿಬೇಳೆ ಹಿಡಿಯೋಣ. ಅಕ್ಕಿಯಿಂದ 6 ಗ್ರಾಂ, ಬೇಳೆಯಿಂದ ಐದೂವರೆ ಗ್ರಾಂ, ಒಟ್ಟು ಹನ್ನೊಂದೂವರೆ ಗ್ರಾಂ ಪ್ರೋಟೀನ್. ಅದರಲ್ಲಿ ಲೈಸೀನ್ ಸುಮಾರು 0.6 ಗ್ರಾಂ, ಅಂದರೆ 100 ಗ್ರಾಂ ಪ್ರೋಟೀನಿಗೆ 5.2ರಷ್ಟು. ಬೇಳೆಯಲ್ಲಿ ಕಡಿಮೆ ಇರುವ ಮೆಥಿಯೋನಿನ್ ಅಕ್ಕಿಯಿಂದ, ರಾಗಿಯಿಂದ ಬರುತ್ತದೆ. ಅನ್ನ ಬೇಳೆಸಾರು, ಮುದ್ದೆ ಹುರುಳಿಸಾರು ಒಟ್ಟಾಗಿ ಕೊಡುವುದನ್ನೇ ಕ್ವಿನೋವಾ ಒಂದೇ ಕಾಳಿನಲ್ಲಿ ಕೊಡುತ್ತದೆ, ಅದಕ್ಕಿಂತ ಹೆಚ್ಚಿನದನ್ನಲ್ಲ. ತೊಗರಿ, ಹುರುಳಿ ಬಿತ್ತುವ ಹೊಲ ಬಿಟ್ಟು ಮನೆಯ ಊಟಕ್ಕಾಗಿ ಕ್ವಿನೋವಾ ಹಾಕಲು ಪೌಷ್ಟಿಕತೆಯ ಕಾರಣ ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮಾರಾಟಕ್ಕೆ ಬೆಳೆಯುವವರು ಮಾತ್ರ ಆ ಭ್ರೂಣವನ್ನು ಉಳಿಸಿಕೊಳ್ಳಲೇಬೇಕು, ಬೆಲೆ ಬರುವುದೇ ಅದರಿಂದ. ಇಲ್ಲಿ ಎರಡು ಅಪಾಯಗಳಿವೆ. ತೆಳು ಸಿಪ್ಪೆಯ ಈ ಕಾಳು ನೀರು ಬೇಗ ಹೀರುತ್ತದೆ, ಒಂದು ದಿನದಲ್ಲೇ ಮೊಳೆಯುತ್ತದೆ. ಬಲಿತ ತೆನೆಯ ಮೇಲೆ ಮಳೆ ಬಿದ್ದರೆ ತೆನೆಯಲ್ಲೇ ಮೊಳಕೆ. ಕೊಯ್ಲು ಒಣ ಹವೆಗೆ ಬರುವಂತೆ ಹಿಂಗಾರಿನಲ್ಲಿ ಬಿತ್ತುವುದು ಅದಕ್ಕೇ. ಎರಡನೆಯದು ಕಹಿ ತೆಗೆಯುವಾಗ. ಹೊರಸಿಪ್ಪೆಯಲ್ಲಿರುವುದು ಅಂಟುವಾಳದಲ್ಲಿರುವ ಬಗೆಯದೇ ಸ್ಯಾಪೋನಿನ್. ಅದನ್ನು ಉಜ್ಜಿ ತೆಗೆಯಬೇಕು ಇಲ್ಲವೇ ತೊಳೆಯಬೇಕು. ಅಕ್ಕಿ ಗಿರಣಿಯ ರೂಢಿಯಲ್ಲಿ ಬೆಳ್ಳಗಾಗುವವರೆಗೆ ಪಾಲಿಶ್ ಮಾಡಿದರೆ ಸಿಪ್ಪೆಯ ಅಡಿಯಲ್ಲೇ ಇರುವ ಭ್ರೂಣ ಮುರಿದು ತೌಡಿಗೆ ಹೋಗುತ್ತದೆ, ಪೂರ್ಣ ಪ್ರೋಟೀನೂ ಅದರ ಜೊತೆಗೇ. ತೌಡಿನಲ್ಲಿ ಬಿಳಿಯ ಬಾಗಿದ ಚೂರುಗಳು ಕಂಡರೆ ಉಜ್ಜಿದ್ದು ಅತಿಯಾಯಿತು ಎಂದು ತಿಳಿಯಿರಿ. ಹಗುರವಾಗಿ ಉಜ್ಜಿ, ಉಳಿದ ಕಹಿಯನ್ನು ನೀರಿನಲ್ಲಿ ತೊಳೆದು, ಮೊಳೆಯುವ ಮೊದಲೇ ತೆಳುವಾಗಿ ಹರಡಿ ಒಣಗಿಸುವುದು ಸರಿಯಾದ ದಾರಿ. ಸಾಕಾಯಿತೇ ಎಂದು ನೋಡಲು ಸ್ವಲ್ಪ ಕಾಳನ್ನು ಬಾಟಲಿಯ ನೀರಿನಲ್ಲಿ ಹಾಕಿ ಅರ್ಧ ನಿಮಿಷ ಕುಲುಕಿ. ನೊರೆ ದಪ್ಪವಾಗಿ ನಿಂತರೆ ಇನ್ನೊಮ್ಮೆ ತೊಳೆಯಬೇಕು. ಹತ್ತಿರದಲ್ಲಿ ಇಂಥ ಸಂಸ್ಕರಣೆಯ ಏರ್ಪಾಡು ಮತ್ತು ಕೊಳ್ಳುವವರು ಎರಡೂ ಖಾತ್ರಿಯಾಗುವ ತನಕ ಕ್ವಿನೋವಾಕ್ಕೆ ಕೆಲವು ಗುಂಟೆಗಿಂತ ಹೆಚ್ಚು ನೆಲ ಕೊಡಬೇಡಿ.