ನೆರೆಯ ಮೂರು ಪುಟಗಳು: ಬಿಟ್ಟುಹೋದ ಪ್ರಶ್ನೆಗಳನ್ನು ಹುಡುಕುವ ಕ್ರಮ

ಒಂದೇ ಸರಕನ್ನು ಮಾರುವವರು ಒಬ್ಬರನ್ನೊಬ್ಬರು ಗಮನಿಸುವುದು ಸಂತೆಯಷ್ಟೇ ಹಳೆಯ ಪದ್ಧತಿ. ಇಂದು ಆ ಸಂತೆಯ ಒಂದು ಭಾಗ ಇನ್‌ಸ್ಟಾಗ್ರಾಮಿನಂತಹ ಜಾಲತಾಣಗಳಲ್ಲಿ ನೆರೆಯುತ್ತಿದೆ. ಅಲ್ಲಿ ಪ್ರತಿಯೊಬ್ಬ ವ್ಯಾಪಾರಿಯ ಪುಟವೂ ಎಲ್ಲರ ಕಣ್ಣಿಗೆ ತೆರೆದಿರುವುದರಿಂದ, ಹೊಸದಾಗಿ ಪುಟ ತೆರೆಯುವವನು ಮೊದಲು ಮಾಡುವ ಕೆಲಸವೆಂದರೆ ಹೆಸರಾದವರ ಪುಟವನ್ನು ನೋಡಿ ಅದರಂತೆಯೇ ಮಾಡುವುದು. ಹೀಗೆ ಮಾಡಿದವನು ನಾಲ್ಕನೆಯ ಅದೇ ಅಂಗಡಿಯಾಗುತ್ತಾನೆಯೇ ಹೊರತು ಬೇರೆ ಅಂಗಡಿಯಾಗುವುದಿಲ್ಲ. ನೆರೆಯವರ ಪುಟಗಳನ್ನು ಓದಿ ಅವರು ಹೇಳದೆ ಬಿಟ್ಟದ್ದನ್ನು ಕಂಡುಕೊಳ್ಳುವುದು ಹೇಗೆ, ಹಾಗೆ ಕಂಡುಕೊಳ್ಳುವಾಗ ಅವರ ಶೈಲಿ ನಮ್ಮ ಲೇಖನಿಗೆ ಅಂಟಿಕೊಳ್ಳದಂತೆ ನೋಡಿಕೊಳ್ಳುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ವಿಷಯ ತಿಳಿಯಾಗಲೆಂದು ಒಂದು ಉದಾಹರಣೆಯನ್ನು ಇಟ್ಟುಕೊಳ್ಳೋಣ. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ ಒಂದು ನೇಕಾರರ ಮನೆ; ಎರಡು ಗುಂಡಿಮಗ್ಗಗಳು. ಆ ಮನೆಯ ಮಗಳು ಪದವಿ ತರಗತಿಯಲ್ಲಿ ಓದುತ್ತಿದ್ದಾಳೆ. ತಂದೆ ನೇಯ್ದ ಸೀರೆಯನ್ನು ನೇರವಾಗಿ ಕೊಳ್ಳುವವರಿಗೆ ತಲಪಿಸಲು ಅವಳು ಪುಟವೊಂದನ್ನು ತೆರೆಯಬೇಕೆಂದಿದ್ದಾಳೆ. ಪುಟ ನಡೆದರೆ ಎರಡನೆಯ ಮಗ್ಗ ಉಳಿಯುತ್ತದೆ, ಇಲ್ಲವಾದರೆ ಅದನ್ನು ನಿಲ್ಲಿಸಬೇಕಾಗುತ್ತದೆ. ಮನೆ ಕಲ್ಪಿತ, ಮುಂದೆ ಬರುವ ಅಂಕಿಗಳೂ ಲೆಕ್ಕದ ರೀತಿಯನ್ನು ತೋರಿಸಲು ಇಟ್ಟುಕೊಂಡವು. ಇಳಕಲ್ ಸೀರೆಯ ನೇಯ್ಗೆಯ ಸಂಗತಿಗಳು ಮಾತ್ರ ವಾಸ್ತವವಾದವು.

ಮೊದಲನೆಯ ಕೆಲಸ ಮೂವರನ್ನು ಆರಿಸುವುದು. ಮೂವರೂ ಒಂದೇ ಬಗೆಯವರಾದರೆ ಅವರು ಬಿಟ್ಟದ್ದೂ ಒಂದೇ ಆಗಿ ಕಂಡು, ಅದು ಇಡೀ ವ್ಯಾಪಾರದ ಕೊರತೆಯೆಂಬ ಭ್ರಮೆ ಹುಟ್ಟುತ್ತದೆ. ಆದ್ದರಿಂದ ನಮ್ಮ ವಿದ್ಯಾರ್ಥಿನಿ ನಗರದ ದೊಡ್ಡ ಸೀರೆ ಅಂಗಡಿಯೊಂದನ್ನು, ತನ್ನಷ್ಟೇ ಚಿಕ್ಕವನಾದ ತನ್ನ ಊರಿನ ಮಾರಾಟಗಾರನೊಬ್ಬನನ್ನು, ಮತ್ತು ಸೀರೆಗಳಿಗೆ ಕುಪ್ಪಸ ಹೊಲಿದುಕೊಡುವ ಒಬ್ಬಾಕೆಯನ್ನು ಆರಿಸುತ್ತಾಳೆ. ಮೂರನೆಯವಳು ಸೀರೆ ಮಾರುವುದಿಲ್ಲ. ಆದರೂ ಸೀರೆ ಕೊಳ್ಳುವ ಹೆಂಗಸರೇ ಅವಳ ಪುಟವನ್ನೂ ನೋಡುತ್ತಾರೆ. ಇವರನ್ನು ಕ್ರಮವಾಗಿ ಕ, ಖ, ಗ ಎಂದು ಕರೆಯೋಣ.

ಎರಡನೆಯದು ಪಟ್ಟಿ. ಪ್ರತಿ ಪುಟದಿಂದ ಇತ್ತೀಚಿನ 30 ಪೋಸ್ಟುಗಳಂತೆ ಒಟ್ಟು 90ನ್ನು ಅವಳು ಒಂದು ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಾಳೆ. ಪುಟದ ತುದಿಯಲ್ಲಿ ಮಾಲೀಕರು ಪಿನ್ ಮಾಡಿಟ್ಟ ಹಳೆಯ ಪೋಸ್ಟುಗಳಿರಬಹುದಾದ್ದರಿಂದ ತಾರೀಖನ್ನು ನೋಡಿಯೇ ಎಣಿಸಬೇಕು. ಮೂವತ್ತೂ ದೀಪಾವಳಿಯ ಆಸುಪಾಸಿನವೇ ಆಗಿದ್ದರೆ ರಿಯಾಯಿತಿಯ ಮಾತಲ್ಲದೆ ಬೇರೇನೂ ಕಾಣದು. ಆಗ ಇನ್ನೂ ಹಿಂದಕ್ಕೆ ಹೋಗಬೇಕು. ಪಟ್ಟಿಗೆ ನಾಲ್ಕೇ ಕಲಮುಗಳು ಸಾಕು: ತಾರೀಖು, ವಿಷಯ, ಆ ಪೋಸ್ಟು ಉತ್ತರಿಸುವ ಪ್ರಶ್ನೆ, ಕೆಳಗೆ ಜನ ಕೇಳಿದ ಪ್ರಶ್ನೆ. ಪೋಸ್ಟಿನ ಮಾತುಗಳನ್ನು ಎಲ್ಲಿಯೂ ಬರೆದುಕೊಳ್ಳಬಾರದು. ಚಿತ್ರವನ್ನು ತೆಗೆದಿಟ್ಟುಕೊಳ್ಳಲೂ ಬಾರದು. ಈ ನಿಯಮದ ಕಾರಣ ಮುಂದೆ ಸ್ಪಷ್ಟವಾಗುತ್ತದೆ. ಪ್ರಶ್ನೆ ಕೇಳಿದವರ ಹೆಸರುಗಳೂ ಬೇಡ. ಸುಳ್ಳು ಹೆಸರಿನಲ್ಲಿ ಗಿರಾಕಿಯಂತೆ ನಟಿಸಿ ವಿಚಾರಿಸುವುದು ಅಧ್ಯಯನವಲ್ಲ, ವಂಚನೆ.

ವಿಷಯದ ಕಲಮನ್ನು ಕೂಡಿದಾಗ ಹೀಗೆ ಬಂತೆನ್ನೋಣ: ಹೊಸ ಸರಕು ಮತ್ತು ಬೆಲೆ 41, ಹಬ್ಬದ ಶುಭಾಶಯ ಮತ್ತು ರಿಯಾಯಿತಿ 17, ಉಡುವ ರೀತಿ ಹಾಗೂ ಕುಪ್ಪಸ 14, ಗಿರಾಕಿಗಳ ಭಾವಚಿತ್ರ 9, ಮಗ್ಗದ ದೃಶ್ಯ 6, ಒಗೆತ ಮತ್ತು ಜೋಪಾನ 3. ಇಷ್ಟನ್ನೇ ನೋಡಿದರೆ ಮಗ್ಗದ ವಿಷಯ ಆರು ಸಲ ಬಂದಿದೆ, ಅಲ್ಲಿ ಕೊರತೆಯಿಲ್ಲ ಎಂದು ತೋರುತ್ತದೆ. ಆದರೆ ಮೂರನೆಯ ಕಲಮನ್ನು ನೋಡಿದರೆ ಆ ಆರು ಪೋಸ್ಟುಗಳೆದುರಿಗೆ ಏನನ್ನೂ ಬರೆದಿಲ್ಲ. ಲಾಳಿ ಅತ್ತಿತ್ತ ಓಡುತ್ತದೆ, ಹಿನ್ನೆಲೆಯಲ್ಲಿ ಹಾಡು ಕೇಳುತ್ತದೆ, ಅಷ್ಟೇ. ನೋಡಿದವನಿಗೆ ಒಂದು ಪ್ರಶ್ನೆಗೂ ಉತ್ತರ ಸಿಗಲಿಲ್ಲ. ವಿಷಯವನ್ನು ಮುಟ್ಟುವುದು ಬೇರೆ, ಪ್ರಶ್ನೆಗೆ ಉತ್ತರಿಸುವುದು ಬೇರೆ. ಈ ಅಧ್ಯಯನದ ತಿರುಳೆಲ್ಲ ಈ ವ್ಯತ್ಯಾಸದಲ್ಲಿದೆ.

ಇನ್ನು ನಾಲ್ಕನೆಯ ಕಲಮು. ಬೆಲೆ, ವಿಳಾಸಗಳ ವಿಚಾರಣೆಯನ್ನು ಬಿಟ್ಟರೆ 52 ಪ್ರಶ್ನೆಗಳು ಉಳಿದವೆನ್ನೋಣ. ಅವುಗಳಲ್ಲಿ 19 ಇದು ಕೈಮಗ್ಗದ್ದೋ ಯಂತ್ರದ್ದೋ ಎಂಬುದು. 12 ಬಣ್ಣ ಬಿಡುತ್ತದೆಯೇ ಎಂಬುದು. 11 ಅಜ್ಜಿಗೆ, ಅತ್ತೆಗೆ ಎಂಟು ಗಜದ ಅಥವಾ ಒಂಬತ್ತು ಗಜದ ಸೀರೆ ದೊರೆಯುವುದೇ ಎಂಬುದು. ಮಿಕ್ಕ 10 ಬಿಡಿಬಿಡಿ. ಬಹುಪಾಲು ಪ್ರಶ್ನೆಗಳಿಗೆ ಬಂದ ಉತ್ತರ ‘ಖಾಸಗಿಯಾಗಿ ಸಂದೇಶ ಕಳಿಸಿ’ ಎಂಬುದೊಂದೇ.

ಇಲ್ಲಿ ಅವಸರ ಪಡಬಾರದು. ಖಾಲಿಯಿರುವ ಜಾಗವೆಲ್ಲ ಬಿತ್ತಬೇಕಾದ ಹೊಲವಲ್ಲ. ಇಳಕಲ್ ಸೀರೆಯ ಚರಿತ್ರೆಯನ್ನು ಮೂವರೂ ಹೇಳಿಲ್ಲ, ನಿಜ. ಆದರೆ ಅದನ್ನು ಯಾರೂ ಕೇಳಿಯೂ ಇಲ್ಲ. ಆದ್ದರಿಂದ ಮೂರು ಪರೀಕ್ಷೆಗಳು ಅಗತ್ಯ. ಜನ ಕೇಳುತ್ತಿದ್ದಾರೆಯೆ? ಮೂವರೂ ಉತ್ತರಿಸಿಲ್ಲವೆ? ನಮಗೆ ಉತ್ತರಿಸುವ ಯೋಗ್ಯತೆ ಇದೆಯೆ? ಈ ಮೂರನ್ನೂ ದಾಟಿದ ಮೇಲೆ ನಾಲ್ಕನೆಯ ಮಾತೊಂದನ್ನು ವಿಚಾರಿಸಬೇಕು: ಅವರು ಏಕೆ ಬಿಟ್ಟರು?

ಬಣ್ಣದ ಪ್ರಶ್ನೆಯನ್ನು ಅವರು ಬಿಟ್ಟದ್ದು ಅಲಕ್ಷ್ಯದಿಂದ. ಅದಕ್ಕೆ ಯಾರು ಬೇಕಾದರೂ ನಾಳೆಯೇ ಉತ್ತರ ಕೊಡಬಹುದು. ಇದು ಬೇಗ ತುಂಬಿಹೋಗುವ ಕೊರತೆ. ಗಜದ ಪ್ರಶ್ನೆಯ ಸ್ಥಿತಿ ಬೇರೆ. ಇಳಕಲ್ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ರೇಷ್ಮೆಯ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಜೋಡಿಸುತ್ತಾರೆ. ಇದಕ್ಕೇ ಕೊಂಡಿ ಎಂದು ಹೆಸರು. ಹೀಗಾಗಿ ಹಾಸನ್ನು ಒಂದೊಂದು ಸೀರೆಯ ಅಳತೆಗೆ ಬೇರೆಬೇರೆಯಾಗಿಯೇ ಸಿದ್ಧಪಡಿಸಬೇಕು. ಆರು ಗಜವೋ ಒಂಬತ್ತು ಗಜವೋ ಎಂಬುದು ಹಾಸು ಹೂಡುವ ಮೊದಲೇ ನಿಶ್ಚಯವಾಗಬೇಕು. ನೇಯ್ದಾದ ಸರಕನ್ನು ಕೊಂಡು ಮಾರುವ ಕ ಅಂಗಡಿಗೆ ಇದು ಕಷ್ಟ. ಮಗ್ಗದ ಮನೆಗೆ ಸುಲಭ. ಇದು ಅಶಕ್ತಿಯಿಂದ ಉಳಿದ ಕೊರತೆ, ಆದ್ದರಿಂದ ಬಹುಕಾಲ ಉಳಿಯುವಂಥದು.

ಕೈಮಗ್ಗದ ಪ್ರಶ್ನೆಯಾದರೋ ಇನ್ನೂ ಸೂಕ್ಷ್ಮ. ಎರಡು ಬಗೆಯ ಸರಕನ್ನೂ ಒಂದೇ ಕಪಾಟಿನಲ್ಲಿಟ್ಟು ಮಾರುವವನು ಗುರುತಿಸುವ ಬಗೆಯನ್ನು ತಾನೇ ಕಲಿಸಿಕೊಡಲು ಹಿಂಜರಿಯುವುದು ಸಹಜ. ಮೂವರ ಮನಸ್ಸಿನಲ್ಲಿ ಏನಿದೆಯೋ ಪುಟ ನೋಡಿ ನಿರ್ಣಯಿಸಲಾಗದು; ಇದು ಊಹೆಯೆಂದೇ ಟಿಪ್ಪಣಿಯಲ್ಲಿ ಬರೆದಿಡಬೇಕು. ಆದರೆ ಸೆರಗು ಮೈಯನ್ನು ಕೂಡುವ ಸಾಲನ್ನು ಮಗುಚಿ ಹಿಡಿದು ಕೊಂಡಿಯ ಕುಣಿಕೆಗಳನ್ನು ತೋರಿಸಲು ನೇಕಾರನ ಮಗಳಿಗೆ ಯಾವ ಅಡ್ಡಿಯೂ ಇಲ್ಲ. ಹತ್ತೊಂಬತ್ತು ಜನ ಕೇಳಿದ್ದಕ್ಕೆ ಉತ್ತರ ಅವಳ ತಂದೆಯ ಕೈಯಲ್ಲಿಯೇ ಇದೆ.

ಲೈಕುಗಳ ವಿಚಾರದಲ್ಲಿ ಒಂದು ಎಚ್ಚರಿಕೆ ಬೇಕು. ಹೆಚ್ಚು ಅನುಯಾಯಿಗಳಿರುವ ಕ ಪುಟದ ಅಂಕಿಯನ್ನು ಖ ಪುಟದ ಅಂಕಿಯೊಡನೆ ಹೋಲಿಸಿದರೆ ಏನೂ ತಿಳಿಯದು; ಆಯಾ ಪುಟದ ಪೋಸ್ಟನ್ನು ಅದೇ ಪುಟದ ಸಾಧಾರಣ ಪೋಸ್ಟಿನೊಡನೆ ಹೋಲಿಸಬೇಕು. ಅದಕ್ಕೂ ಸರಾಸರಿಗಿಂತ ಮಧ್ಯಾಂಕ ಮೇಲು. ಖ ಪುಟದ ಐದು ಪೋಸ್ಟುಗಳಿಗೆ 40, 55, 60, 70, 900 ಲೈಕುಗಳು ಬಂದಿದ್ದರೆ ಸರಾಸರಿ 225. ಅಷ್ಟು ಲೈಕು ಬಂದ ಪೋಸ್ಟು ಒಂದೂ ಇಲ್ಲ. ಮಧ್ಯಾಂಕ 60, ಅದೇ ನಿಜಸ್ಥಿತಿ. ಆ 900 ಹಣ ತೆತ್ತು ಹಬ್ಬಿಸಿದ ಜಾಹೀರಾತಿನ ಫಲವೂ ಇರಬಹುದು. ಸದ್ಯ ನಡೆಯುತ್ತಿರುವ ಜಾಹೀರಾತುಗಳನ್ನು ಮೆಟಾ ಸಂಸ್ಥೆಯ ಆ್ಯಡ್ ಲೈಬ್ರರಿಯಲ್ಲಿ ಯಾರಾದರೂ ನೋಡಬಹುದು. ಆದರೂ ಎಷ್ಟು ಸೀರೆ ಮಾರಾಟವಾಯಿತು, ಎಷ್ಟು ಜನ ಪೋಸ್ಟನ್ನು ಉಳಿಸಿಟ್ಟುಕೊಂಡರು ಎಂಬುದು ಹೊರಗಿನವರಿಗೆ ಕಾಣುವುದಿಲ್ಲ. ಸ್ಟೋರಿಗಳೂ 24 ಗಂಟೆಗಳಲ್ಲಿ ಮರೆಯಾಗುತ್ತವೆ. ಆದ್ದರಿಂದ ಈ ಅಧ್ಯಯನ ಜನರ ಪ್ರಶ್ನೆಯನ್ನು ತಿಳಿಸಬಲ್ಲದು, ಲಾಭವನ್ನು ತಿಳಿಸಲಾರದು.

ಕೊನೆಯದಾಗಿ ಅನುಕರಣೆಯ ಮಾತು. ಕಲ್ಪನೆ ಎಲ್ಲರದು, ಅದನ್ನು ಹೇಳಿದ ರೂಪ ಹೇಳಿದವನದು ಎಂಬ ವಿವೇಕ ನಮ್ಮ ನ್ಯಾಯಶಾಸ್ತ್ರದಲ್ಲಿಯೂ ನೆಲೆಗೊಂಡಿದೆ. ಆರ್. ಜಿ. ಆನಂದರು ತಮ್ಮ ‘ಹಮ್ ಹಿಂದೂಸ್ತಾನಿ’ ನಾಟಕವನ್ನು 1956ರ ‘ನ್ಯೂ ಡೆಲ್ಲಿ’ ಚಲನಚಿತ್ರ ನಕಲು ಮಾಡಿದೆಯೆಂದು ದಾವೆ ಹೂಡಿದ್ದರು. ಎರಡರ ವಸ್ತುವೂ ಪ್ರಾಂತೀಯ ಭೇದಭಾವವೇ. ಆದರೂ 1978ರಲ್ಲಿ ಸರ್ವೋಚ್ಚ ನ್ಯಾಯಾಲಯ, ವಸ್ತುವಿಗೆ ಹಕ್ಕುಸ್ವಾಮ್ಯವಿಲ್ಲ, ಅದನ್ನು ಪ್ರಕಟಿಸಿದ ರೀತಿಗೆ ಮಾತ್ರ ಇದೆ ಎಂದು ಹೇಳಿ ಅವರ ಮೇಲ್ಮನವಿಯನ್ನು ತಳ್ಳಿಹಾಕಿತು. ಹಾಗೆಂದು ಕಾನೂನಿನ ಗೆರೆಯೊಳಗೆ ಇದ್ದುಬಿಟ್ಟರೆ ಸಾಲದು. ದಂಡಕ್ಕೆ ಗುರಿಯಾಗದ ಅನುಕರಣೆಯೂ ಪುಟದ ಮುಖವನ್ನು ಅಳಿಸುತ್ತದೆ.

ಶೈಲಿ ಅಂಟುವುದು ಬಹುಮಟ್ಟಿಗೆ ಅರಿವಿಲ್ಲದೆ. ತೊಂಬತ್ತು ಪೋಸ್ಟುಗಳನ್ನು ಓದಿ ಎದ್ದವರ ಕಿವಿಯಲ್ಲಿ ಖ ಮಾರಾಟಗಾರನ ಸಂಬೋಧನೆ, ಅವನ ಹಾಡು, ಅವನು ಬೆಲೆಯನ್ನು ಕೊನೆಗೆ ಹೇಳುವ ಕ್ರಮ ಗುನುಗುತ್ತಿರುತ್ತವೆ. ಪಟ್ಟಿಯಲ್ಲಿ ಮಾತುಗಳನ್ನು ಬರೆಯಬೇಡಿ ಎಂದದ್ದು ಇದಕ್ಕಾಗಿಯೇ. ಪಟ್ಟಿ ಮುಗಿದ ಮೇಲೆ ಮೂರು ಪುಟಗಳನ್ನೂ ಮುಚ್ಚಿ, ಒಂದೆರಡು ದಿನ ಬಿಟ್ಟು, ಆರಿಸಿಕೊಂಡ ಪ್ರಶ್ನೆಯನ್ನು ಮಾತ್ರ ಚೀಟಿಯಲ್ಲಿ ಬರೆದುಕೊಂಡು ಮಗ್ಗದ ಬಳಿ ಹೋಗಬೇಕು. ‘ಅಪ್ಪಾ, ಕೊಂಡಿ ಇದೆಯೋ ಇಲ್ಲವೋ ಅಂತ ಹೆಂಗ ಗುರುತು ಹಿಡೀಬೇಕು?’ ಎಂದು ಮಗಳು ಕೇಳಿದರೆ ತಂದೆ ಹೇಳುವ ಮಾತಿನ ಅನುಕ್ರಮವೇ ಆ ಪೋಸ್ಟಿನ ಅನುಕ್ರಮವಾಗಲಿ. ಆ ಮಾತು ಖನ ಪುಟದಲ್ಲಿ ಇರುವುದು ಸಾಧ್ಯವೇ ಇಲ್ಲ.

ಬರೆದಾದ ಮೇಲೆ ಒಂದು ಪರೀಕ್ಷೆ ಉಳಿಯುತ್ತದೆ. ಮೂವರ ಒಂದೊಂದು ಪೋಸ್ಟನ್ನೂ ತನ್ನದೊಂದನ್ನೂ ಹೆಸರು ಮುಚ್ಚಿ ಗೆಳತಿಯೊಬ್ಬಳಿಗೆ ಓದಿಸಬೇಕು. ಇದು ನಿನ್ನದು ಎಂದು ಅವಳು ಬೆರಳಿಟ್ಟು ತೋರಿಸಿದರೆ ಸರಿ. ತಡವರಿಸಿದರೆ, ಯಾವ ಸಾಲಿನಲ್ಲಿ ತಡವರಿಸಿದಳೆಂದು ಕೇಳಿ ಆ ಸಾಲನ್ನು ಹೊಡೆದುಹಾಕಬೇಕು. ಇಂತಹ ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ಹೊಸದಾಗಿ ಮಾಡುವುದು ಲೇಸು. ಏಕೆಂದರೆ ಇಂದು ನಾವು ತುಂಬಿದ ಕೊರತೆಯನ್ನು ನೆರೆಯವರೂ ತಮ್ಮ ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಿರುತ್ತಾರೆ.